ನರ್ಸ್ ಕೆಲಸಕ್ಕೆ ಜರ್ಮನ್: ಬಿ2 ಮುಟ್ಟಿದರೆ ಲಾಭ, ಬಿ1ಕ್ಕೆ ನಿಂತರೆ ನಷ್ಟ

ಪ್ರಶ್ನೆ: ನಾನು ಹಾಸನದ ಕಡೆಯವಳು, ವಯಸ್ಸು 26. ಜಿಎನ್‌ಎಂ ಮುಗಿಸಿ ಮೂರು ವರ್ಷದಿಂದ ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಸಂಬಳ 22,000. ಒಂದು ಏಜೆನ್ಸಿಯವರು ಎಂಟು ತಿಂಗಳಲ್ಲಿ ಜರ್ಮನ್ ಬಿ2 ಮಾಡಿಸಿ ಜರ್ಮನಿಗೆ ಕಳಿಸ್ತೀವಿ, ಒಟ್ಟು ನಾಲ್ಕೂವರೆ ಲಕ್ಷ ಆಗುತ್ತೆ, ಕೆಲಸ ಬಿಟ್ಟು ಪೂರ್ತಿ ದಿನ ಓದಬೇಕು ಅಂತಾರೆ. ಅಪ್ಪ ಸಾಲ ಮಾಡೋಕೆ ಒಪ್ಪಿದ್ದಾರೆ. ಇಷ್ಟು ಕಷ್ಟಪಟ್ಟು ಜರ್ಮನ್ ಕಲಿತರೆ ನಿಜವಾಗಲೂ ಪ್ರಯೋಜನ ಇದೆಯಾ?

ಉತ್ತರ: ಪ್ರಯೋಜನ ಇದೆ. ಆದರೆ ಜರ್ಮನ್ ಕಲಿಕೆಗೆ ಎ1, ಎ2, ಬಿ1, ಬಿ2 ಅಂತ ಒಂದರ ಮೇಲೊಂದು ಹಂತಗಳಿವೆ, ಪ್ರಯೋಜನ ಬಿ2 ತನಕ ಹೋದವರಿಗೆ ಮಾತ್ರ. ಅಲ್ಲಿಯವರೆಗೆ ಹೋಗಬಲ್ಲಿರಾ ಅನ್ನೋದು ನಿಮಗಾಗಲಿ ನನಗಾಗಲಿ ಇವತ್ತು ಗೊತ್ತಾಗುವುದಿಲ್ಲ. ಐದಾರು ತಿಂಗಳು ಕಲಿತ ಮೇಲೆ ಗೊತ್ತಾಗುತ್ತದೆ. ಹಾಗಾಗಿ ಈಗಲೇ ಕೆಲಸ ಬಿಡಬೇಡಿ, ಅಪ್ಪನ ಹತ್ತಿರ ಸಾಲ ಮಾಡಿಸಬೇಡಿ.

ಜರ್ಮನಿಗೆ ಹೋಗುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಜರ್ಮನ್ ಬಂದರೆ ಒಳ್ಳೆಯದು, ಬಾರದಿದ್ದರೂ ಬರ್ಲಿನ್‌ನಂಥ ಊರಲ್ಲಿ ಇಂಗ್ಲಿಷಿನಲ್ಲೇ ಕೆಲಸ ನಡೆಯುತ್ತದೆ. ನರ್ಸ್‌ಗೆ ಹಾಗಲ್ಲ. ಅಲ್ಲಿ ನೋಂದಾಯಿತ ನರ್ಸ್ ಆಗಿ ಕೆಲಸ ಮಾಡಬೇಕಾದರೆ ನೀವು ಓದಿದ್ದು ಅವರ ಓದಿಗೆ ಸಮ ಅಂತ ಅಲ್ಲಿನ ರಾಜ್ಯ ಸರ್ಕಾರದ ಕಚೇರಿ ಒಪ್ಪಬೇಕು. ಇದಕ್ಕೆ ಅವರು ಅನೆರ್ಕೆನುಂಗ್ ಅನ್ನುತ್ತಾರೆ. ಅದು ಪೂರ್ತಿಯಾಗಿ ಕೈಗೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಸರ್ಟಿಫಿಕೇಟ್ ಕೇಳುತ್ತಾರೆ. ಅಂದರೆ ನಿಮ್ಮ ಮಟ್ಟಿಗೆ ಭಾಷೆಯೂ ಲೈಸೆನ್ಸಿನ ಒಂದು ಭಾಗ. ಬಿ1 ಇದ್ದು ಬಿ2 ಇಲ್ಲದಿದ್ದರೆ ಅಲ್ಲಿ ನೀವು ಸಹಾಯಕಿ, ಸಂಬಳವೂ ಸಹಾಯಕಿಯದೇ. ಇಲ್ಲೇ ಉಳಿದರೆ ಬೆಂಗಳೂರಿನ ಯಾವ ಆಸ್ಪತ್ರೆಯೂ ಬಿ1 ಇದೆ ಅಂತ ಸಂಬಳ ಜಾಸ್ತಿ ಕೊಡುವುದಿಲ್ಲ. ಅರ್ಧ ಕಲಿತರೆ ಅರ್ಧ ಲಾಭ ಅನ್ನುವ ಲೆಕ್ಕ ಇಲ್ಲಿ ಇಲ್ಲ. ಅದಕ್ಕೇ ನಾಲ್ಕೂವರೆ ಲಕ್ಷವನ್ನು ಮೊದಲೇ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಈಗ ಎಂಟು ತಿಂಗಳ ಮಾತು. ಗೊಯಟೆ ಇನ್‌ಸ್ಟಿಟ್ಯೂಟ್, ಅಂದರೆ ನಮ್ಮ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದವರು, ಸೊನ್ನೆಯಿಂದ ಬಿ2 ಮುಟ್ಟಲು 45 ನಿಮಿಷದ 600ರಿಂದ 800 ಪೀರಿಯಡ್ ಪಾಠ ಬೇಕು ಅಂತ ಲೆಕ್ಕ ಹಾಕುತ್ತಾರೆ. ಗಂಟೆಗೆ ತಿರುಗಿಸಿದರೆ 450ರಿಂದ 600 ಗಂಟೆ. ಇದು ಬರೀ ತರಗತಿ. ಮನೆಯಲ್ಲಿ ಕೂತು ಓದುವುದು, ಕೇಳುವುದು, ಬರೆಯುವುದು ಇನ್ನೂ ಅಷ್ಟೇ ಆಗುತ್ತದೆ. ಹತ್ತಿರ ಹತ್ತಿರ ಸಾವಿರ ಗಂಟೆ ಅಂತಿಟ್ಟುಕೊಳ್ಳಿ. ದಿನಕ್ಕೆ ಐದಾರು ಗಂಟೆ ಕೊಟ್ಟರೆ ಎಂಟು ತಿಂಗಳಲ್ಲಿ ಪಾಠ ಮುಗಿಯುತ್ತದೆ, ಏಜೆನ್ಸಿಯವರು ಅಲ್ಲಿ ಸುಳ್ಳು ಹೇಳುತ್ತಿಲ್ಲ. ಆದರೆ ಪಾಠ ಮುಗಿಯುವುದೇ ಬೇರೆ, ಪಾಸಾಗುವುದೇ ಬೇರೆ. ಪರೀಕ್ಷೆಗೆ ಸೀಟು ಸಿಗುವುದೇ ಒಂದು ಕೆಲಸ, ಬುಕಿಂಗ್ ತೆರೆದ ಸ್ವಲ್ಪ ಹೊತ್ತಿಗೇ ಭರ್ತಿ ಆಗಿಬಿಡುತ್ತದೆ. ಬರೆದವರಲ್ಲಿ ಎಷ್ಟೋ ಜನ ನಾಲ್ಕೂ ಭಾಗವನ್ನು ಒಂದೇ ಸಲಕ್ಕೆ ದಾಟುವುದಿಲ್ಲ. ಕೆಲಸದ ಜೊತೆ ದಿನಕ್ಕೆ ಎರಡು ಗಂಟೆ ಕೊಡುತ್ತೀರಿ, ವಾರಕ್ಕೊಂದು ದಿನ ಬಿಡುವು ಅಂದರೆ ವಾರಕ್ಕೆ ಹನ್ನೆರಡು ಗಂಟೆ. ಆಗ ಒಂದೂವರೆ ವರ್ಷದಿಂದ ಎರಡು ವರ್ಷ ಹಿಡಿಯುತ್ತದೆ. ನೈಟ್ ಡ್ಯೂಟಿ ಇರುವ ಯಾರಿಗೂ ಇದಕ್ಕಿಂತ ಬೇಗ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಪರೀಕ್ಷೆ ಹೇಗಿದೆ ಅಂತ ತಿಳಿದುಕೊಂಡರೆ ಎಲ್ಲಿ ಸಿಕ್ಕಿಬೀಳುತ್ತೇವೆ ಅನ್ನುವುದೂ ಗೊತ್ತಾಗುತ್ತದೆ. ಗೊಯಟೆ ಬಿ2ರಲ್ಲಿ ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು ಅಂತ ನಾಲ್ಕು ಭಾಗ. ಒಂದೊಂದರಲ್ಲೂ ನೂರಕ್ಕೆ 60 ಬರಬೇಕು. ಒಂದರಲ್ಲಿ ಫೇಲಾದರೆ ಅದೊಂದನ್ನೇ ಮತ್ತೆ ಬರೆಯಬಹುದು. ನಮ್ಮ ನರ್ಸ್‌ಗಳಿಗೆ ಓದುವ ಭಾಗ ಅಷ್ಟು ಕಷ್ಟ ಆಗುವುದಿಲ್ಲ. ಸಿಕ್ಕಿಬೀಳುವುದು ಕೇಳುವ ಭಾಗದಲ್ಲಿ. ಅದರ ಕೆಲವು ಆಡಿಯೊಗಳನ್ನು ಒಂದೇ ಸಲ ಹಾಕುತ್ತಾರೆ. ವ್ಯಾಕರಣದ ಪುಸ್ತಕ ಮುಗಿಸಿ ಬಂದವರು ಅಲ್ಲಿ ಕಂಗಾಲಾಗುತ್ತಾರೆ. ಮಾತಾಡುವ ಭಾಗ ಹದಿನೈದೇ ನಿಮಿಷ. ಆದರೆ ಒಂದು ವಿಷಯದ ಬಗ್ಗೆ ಸ್ವಂತವಾಗಿ ಮಾತಾಡಿ, ಆಮೇಲೆ ಎದುರಿನವರ ಜೊತೆ ವಾದ ಮಾಡಬೇಕು. ಬಾಯಿಪಾಠ ಮಾಡಿದ್ದು ಅಲ್ಲಿ ಎರಡೇ ನಿಮಿಷ ನಡೆಯುತ್ತದೆ.

ಒಂದು ಸಣ್ಣ ವಿಷಯ ತೋರಿಸುತ್ತೇನೆ, ಇದರಿಂದ ಕಷ್ಟ ಎಲ್ಲಿದೆ ಅಂತ ಅರ್ಥ ಆಗುತ್ತದೆ. ನಾವು ನಲವತ್ತೈದು ಅನ್ನುವಾಗ ನಲವತ್ತು ಮೊದಲು, ಐದು ಆಮೇಲೆ. ಜರ್ಮನ್‌ನಲ್ಲಿ ಐದು ಮೊದಲು: ಫ್ಯುನ್ಫ್ ಉಂಟ್ ಫೀರ್‌ಸಿಗ್. ತರಗತಿಯಲ್ಲಿ ಇದು ಹತ್ತು ನಿಮಿಷದ ಪಾಠ. ವಾರ್ಡಿನಲ್ಲಿ ಹಾಗಲ್ಲ. ಬೆಳಗ್ಗೆ ಆರು ಗಂಟೆಗೆ ನೈಟ್ ಡ್ಯೂಟಿಯವರು ಹ್ಯಾಂಡೋವರ್ ಕೊಡುತ್ತಿದ್ದಾರೆ. ರೋಗಿಯ ವಯಸ್ಸು, ಬಿಪಿ, ಪಲ್ಸ್, ಇನ್ಸುಲಿನ್ ಎಷ್ಟು ಯೂನಿಟ್, ಮೂತ್ರ ಎಷ್ಟು ಮಿಲಿಲೀಟರ್ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ರೋಗಿಗೆ ಹೋಗುತ್ತಾರೆ. ನೀವು ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ತಿರುಗಿಸಿಕೊಳ್ಳುವಷ್ಟರಲ್ಲಿ ಅವರು ಇನ್ನೆರಡು ಹೇಳಿರುತ್ತಾರೆ. 45 ಇದ್ದದ್ದನ್ನು 54 ಅಂತ ಬರೆದುಕೊಂಡರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಅವರು ಬಿ2 ಯಾಕೆ ಕೇಳುತ್ತಾರೆ ಅನ್ನುವುದಕ್ಕೆ ಕಾರಣ ಇದು.

ನಮಗೆ ಅನುಕೂಲವಾದದ್ದೂ ಇದೆ. ಜರ್ಮನ್‌ನ ಉಪವಾಕ್ಯಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಕನ್ನಡದ ಹಾಗೆಯೇ. ಇಂಗ್ಲಿಷಿನಲ್ಲಿ ಯೋಚಿಸುವವರು ಇಲ್ಲಿ ತುಂಬ ತಡವರಿಸುತ್ತಾರೆ. "ನಿನ್ನೆ ಆಸ್ಪತ್ರೆಯಲ್ಲಿ ಕೆಲಸ ಮಾಡಿದೆ" ಅನ್ನುವ ಕನ್ನಡದ ಜಾಡಿನಲ್ಲೇ ಹೋದರೆ ಸಲೀಸು. ಹ್ರಸ್ವ ದೀರ್ಘಗಳ ವ್ಯತ್ಯಾಸವೂ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ಆದ್ದರಿಂದ ನಿಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ ಹೆದರಬೇಡಿ. ಇಂಗ್ಲಿಷ್ ಮೂಲಕವೇ ಜರ್ಮನ್ ಹೇಳಿಕೊಡುವ ಮೇಷ್ಟ್ರು ಸಿಕ್ಕರೂ ಮನೆಯಲ್ಲಿ ಕನ್ನಡಕ್ಕೆ ಹೋಲಿಸಿ ಕಲಿಯಿರಿ.

ಇನ್ನು ದುಡ್ಡಿನ ಲೆಕ್ಕ. ಸುಲಭಕ್ಕೆ ಒಂದು ಯೂರೊಗೆ ನೂರು ರೂಪಾಯಿ ಅಂತ ಇಟ್ಟುಕೊಳ್ಳೋಣ. ಜರ್ಮನಿಯಲ್ಲಿ ವೃದ್ಧರ ಆರೈಕೆ ಕ್ಷೇತ್ರಕ್ಕೆ ಸರ್ಕಾರವೇ ಕನಿಷ್ಠ ವೇತನ ನಿಗದಿ ಮಾಡಿದೆ. 2025ರ ಜುಲೈನಿಂದ ಸಹಾಯಕರಿಗೆ ಗಂಟೆಗೆ 16.10 ಯೂರೊ, ಅರ್ಹ ನರ್ಸ್‌ಗೆ 20.50 ಯೂರೊ. ವಾರಕ್ಕೆ 39 ಗಂಟೆ ಕೆಲಸ ಅಂದರೆ ಸಹಾಯಕಿಗೆ ತಿಂಗಳಿಗೆ ಸುಮಾರು 2,700, ನರ್ಸ್‌ಗೆ ಸುಮಾರು 3,500 ಯೂರೊ ಆಗುತ್ತದೆ. ಆಸ್ಪತ್ರೆಗಳಲ್ಲಿ ಅವರವರ ವೇತನ ಒಪ್ಪಂದ ಇರುತ್ತದೆ, ಲೆಕ್ಕಕ್ಕೆ ಇದು ಸಾಕು.

ಏಜೆಂಟರು ಹೇಳುವುದು ಈ ದೊಡ್ಡ ಅಂಕಿ. ಕೈಗೆ ಬರುವುದು ಬೇರೆ. ತೆರಿಗೆ, ಆರೋಗ್ಯ ವಿಮೆ, ಪಿಂಚಣಿ ಎಲ್ಲ ಕಳೆದು ಒಂಟಿಯಾಗಿರುವವರಿಗೆ 2,700ರಲ್ಲಿ ಸುಮಾರು 1,850, 3,500ರಲ್ಲಿ ಸುಮಾರು 2,300 ಸಿಗುತ್ತದೆ. ದೊಡ್ಡ ಪಟ್ಟಣ ಅಲ್ಲದ ಕಡೆ, ಆಸ್ಪತ್ರೆಯವರೇ ಕೊಡಿಸಿದ ಒಂದು ರೂಮಿಗೆ 450, ಮನೆಯಲ್ಲೇ ಅಡುಗೆ ಮಾಡಿಕೊಂಡರೆ ಊಟಕ್ಕೆ 250, ಬಸ್ಸು ರೈಲಿನ ಪಾಸಿಗೆ 60ರ ಹತ್ತಿರ, ಫೋನು, ಬಟ್ಟೆ, ಚಳಿಗಾಲದ ಜಾಕೆಟ್ಟು ಇತ್ಯಾದಿ ಸೇರಿ 240. ಒಟ್ಟು ಸಾವಿರ ಯೂರೊ ಖರ್ಚು. ಉಳಿಯುವುದು ಸಹಾಯಕಿಯಾಗಿರುವ ಮೊದಲ ಹಂತದಲ್ಲಿ ತಿಂಗಳಿಗೆ 850, ಪೂರ್ತಿ ನರ್ಸ್ ಆದ ಮೇಲೆ 1,300. ರೂಪಾಯಿಯಲ್ಲಿ 85,000 ಮತ್ತು 1,30,000. ಮ್ಯೂನಿಕ್‌ನಂಥ ಊರಾದರೆ ಬಾಡಿಗೆಯೇ ಇದನ್ನು ತಿಂದುಹಾಕುತ್ತದೆ.

ಈಗ ಖರ್ಚು. ನಾಲ್ಕು ಹಂತದ ಪಾಠಕ್ಕೆ ಒಂದೂವರೆ ಲಕ್ಷ, ಒಂದೆರಡು ಸಲ ಮತ್ತೆ ಬರೆಯುವುದೂ ಸೇರಿ ಪರೀಕ್ಷೆಗಳಿಗೆ ಐವತ್ತು ಸಾವಿರ ಅಂತಿಟ್ಟುಕೊಳ್ಳಿ. ಫೀಸು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ನೀವೇ ನಾಲ್ಕು ಕಡೆ ವಿಚಾರಿಸಿ. ಕೆಲಸ ಬಿಟ್ಟರೆ, ಎಂಟು ತಿಂಗಳ ಪಾಠದ ಜೊತೆ ಪರೀಕ್ಷೆಗೆ ಕಾಯುವುದೂ ಸೇರಿ ಹತ್ತು ತಿಂಗಳ ಸಂಬಳ, ಅಂದರೆ 2,20,000 ಹೋಗುತ್ತದೆ. ಇದನ್ನು ಯಾರೂ ಖರ್ಚಿಗೆ ಸೇರಿಸುವುದಿಲ್ಲ, ಆದರೆ ದೊಡ್ಡ ಖರ್ಚು ಇದೇ. ಎಲ್ಲ ಸೇರಿ 4,20,000. ಏಜೆನ್ಸಿಗೆ ನಾಲ್ಕೂವರೆ ಲಕ್ಷ ಕೊಟ್ಟು ಕೆಲಸವನ್ನೂ ಬಿಟ್ಟರೆ ಆರೂವರೆ ಲಕ್ಷ ದಾಟುತ್ತದೆ. ಕೆಲಸದಲ್ಲಿದ್ದುಕೊಂಡೇ ಕಲಿತರೆ ಎರಡು ಲಕ್ಷ.

ಬಿ2 ಮುಟ್ಟಿದರೆ ಆರೂವರೆ ಲಕ್ಷವೂ ಅಲ್ಲಿಗೆ ಹೋದ ಎಂಟು ತಿಂಗಳಲ್ಲಿ ವಾಪಸ್ ಬಂದುಬಿಡುತ್ತದೆ. ಎಷ್ಟೋ ಜನ ಈ ಲೆಕ್ಕ ನೋಡಿಯೇ ಸಾಲಕ್ಕೆ ಸಹಿ ಹಾಕುತ್ತಾರೆ. ಮುಟ್ಟದಿದ್ದರೆ? 22,000 ಸಂಬಳದಲ್ಲಿ ಬಡ್ಡಿ ಕಟ್ಟಬೇಕು, ಬಿಟ್ಟ ಕೆಲಸವನ್ನು ಮತ್ತೆ ಹುಡುಕಬೇಕು. ಎರಡು ಲಕ್ಷ ಕಳೆದುಕೊಂಡರೆ ನೋವಾಗುತ್ತದೆ, ಆದರೆ ತಡೆದುಕೊಳ್ಳಬಹುದು. ಅದೂ ಅರ್ಧದಲ್ಲೇ ನಿಲ್ಲಿಸಿದರೆ ಹೋಗುವುದು ಅರವತ್ತೆಪ್ಪತ್ತು ಸಾವಿರ ಮಾತ್ರ. ನಿಮ್ಮ ತೀರ್ಮಾನ ಇರಬೇಕಾದ್ದು ಈ ಎರಡು ನಷ್ಟಗಳ ವ್ಯತ್ಯಾಸದ ಮೇಲೆ.

ಕೆಲಸ ಬಿಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಲ್ಲಿನ ಕಚೇರಿಯವರು ನಿಮ್ಮ ಜಿಎನ್‌ಎಂ ಪಠ್ಯವನ್ನು ಅವರ ಪಠ್ಯದ ಪಕ್ಕ ಇಟ್ಟು, ಯಾವ ವಿಷಯದಲ್ಲಿ ಎಷ್ಟು ಗಂಟೆ ಕಡಿಮೆ ಇದೆ ಅಂತ ಒಂದು ಪತ್ರ ಕೊಡುತ್ತಾರೆ. ಕೊರತೆ ಇದ್ದರೆ ಅಲ್ಲಿಗೆ ಹೋದ ಮೇಲೆ ಒಂದು ಪರೀಕ್ಷೆ ಪಾಸಾಗಬೇಕು ಅಥವಾ ಕೆಲವು ತಿಂಗಳ ತರಬೇತಿ ಮಾಡಬೇಕು. ಆ ಕೊರತೆಯನ್ನು ತುಂಬಲು ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವಾರ್ಡಿನಲ್ಲಿ ಕಳೆದ ಪ್ರತಿ ತಿಂಗಳೂ ನಿಮ್ಮ ಫೈಲಿಗೆ ಬಲ. ಅನುಭವ ಪತ್ರದಲ್ಲಿ ಬರೀ "ಸ್ಟಾಫ್ ನರ್ಸ್" ಅಂತಿದ್ದರೆ ಸಾಲದು. ಯಾವ ವಿಭಾಗ, ಎಷ್ಟು ತಿಂಗಳು, ವಾರಕ್ಕೆ ಎಷ್ಟು ಗಂಟೆ, ಏನು ಕೆಲಸ ಅಂತ ಬರೆಸಿಕೊಳ್ಳಿ.

ಬಿ1 ಆದ ಕೂಡಲೇ ಕರೆಸಿಕೊಳ್ಳುತ್ತೇವೆ, ಬಿ2 ಇಲ್ಲೇ ಬಂದು ಮಾಡಿ ಅನ್ನುವ ಆಸ್ಪತ್ರೆಗಳೂ ಇವೆ. 2024ರಿಂದ ನಿಯಮ ಸ್ವಲ್ಪ ಸಡಿಲ ಆಗಿದೆ. ಉದ್ಯೋಗದಾತರ ಜೊತೆ ಒಪ್ಪಂದ ಇದ್ದರೆ ಎ2 ಮಟ್ಟದಲ್ಲೂ ವೀಸಾ ಸಿಗುವ ದಾರಿ ಇದೆ. ಕೇಳಲು ಚೆನ್ನಾಗಿದೆ. ಆದರೆ ಆ ವೀಸಾಕ್ಕೆ ಕೊನೆ ದಿನ ಇರುತ್ತದೆ, ವಿಸ್ತರಿಸಿದರೂ ಹೆಚ್ಚೆಂದರೆ ಮೂರು ವರ್ಷ. ಅಷ್ಟರಲ್ಲಿ ಬಿ2 ಆಗಬೇಕು, ಕೊರತೆಯ ಪರೀಕ್ಷೆಯೂ ಆಗಬೇಕು. ಆ ಪರೀಕ್ಷೆಯಲ್ಲಿ ಫೇಲಾದರೆ ಒಂದೇ ಒಂದು ಸಲ ಮತ್ತೆ ಅವಕಾಶ. ಮೂರು ಶಿಫ್ಟಿನ ಕೆಲಸ, ಹೊಸ ಊರು, ಚಳಿ, ಪುಸ್ತಕದಲ್ಲಿ ಕಲಿತ ಜರ್ಮನ್‌ಗೆ ಸಂಬಂಧವೇ ಇಲ್ಲದ ಹಾಗೆ ಆಡುಮಾತಿನಲ್ಲಿ ಮಾತಾಡುವ ಬವೇರಿಯಾದ ಅಜ್ಜ. ಇದರ ನಡುವೆ ಓದಬೇಕು. ಕೆಲವರು ಚೆನ್ನಾಗಿಯೇ ಮಾಡುತ್ತಾರೆ, ಯಾಕೆಂದರೆ ಸುತ್ತ ಎಲ್ಲ ಜರ್ಮನ್ನೇ. ಆದರೆ ಕೆಲಸದ ಸಮಯದಲ್ಲೇ ಬಿ2 ಕ್ಲಾಸಿಗೆ ಬಿಡುತ್ತಾರಾ, ಫೀಸು ಯಾರು ಕಟ್ಟುತ್ತಾರೆ ಅನ್ನುವುದು ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಬಿ1ರಲ್ಲಿ ಹೊರಡಿ. ಬಾಯಿಮಾತಿಗೆ ಬೆಲೆ ಇಲ್ಲ.

ಏಜೆನ್ಸಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ನರ್ಸ್‌ಗಳ ಕೊರತೆ ಇದೆ. ಅಲ್ಲಿ ಸರ್ಕಾರ ಮಾನ್ಯ ಮಾಡಿದ ನ್ಯಾಯಯುತ ನೇಮಕಾತಿಯ ಮುದ್ರೆಯೊಂದಿದೆ, ಅದರ ನಿಯಮದ ಪ್ರಕಾರ ನೇಮಕಾತಿಯ ಖರ್ಚನ್ನು ಉದ್ಯೋಗದಾತರೇ ಕೊಡಬೇಕು, ನರ್ಸ್ ಅಲ್ಲ. ಕೇರಳದ ನೋರ್ಕಾ ಸಂಸ್ಥೆ ಜರ್ಮನ್ ಸರ್ಕಾರದ ಜೊತೆ ಸೇರಿ ನಡೆಸುವ ಟ್ರಿಪಲ್ ವಿನ್ ಯೋಜನೆ ಇದೇ ತತ್ವದ ಮೇಲೆ ನಡೆಯುತ್ತಿದೆ. ನಮ್ಮಲ್ಲೂ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಅಲ್ಲಿ ಒಮ್ಮೆ ವಿಚಾರಿಸಿ. ಭಾರತದ ನಿಯಮದಲ್ಲಿ ನೋಂದಾಯಿತ ಏಜೆಂಟ್ ಸೇವಾ ಶುಲ್ಕ ಅಂತ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಏಜೆನ್ಸಿಯ ಹೆಸರು ಪಟ್ಟಿಯಲ್ಲಿದೆಯಾ ಅಂತ emigrate.gov.in ನಲ್ಲಿ ನೋಡಿ. ನಿಮ್ಮ ನಾಲ್ಕೂವರೆ ಲಕ್ಷದಲ್ಲಿ ಪಾಠಕ್ಕೆ ಎಷ್ಟು, ಪರೀಕ್ಷೆಗೆ ಎಷ್ಟು, ಉಳಿದದ್ದು ಯಾತಕ್ಕೆ ಅಂತ ಬರೆದು ಕೊಡಲು ಕೇಳಿ. ಕೊಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಒರಿಜಿನಲ್ ಮಾರ್ಕ್ಸ್ ಕಾರ್ಡನ್ನಾಗಲಿ ಸಹಿ ಮಾಡಿದ ಖಾಲಿ ಚೆಕ್ಕನ್ನಾಗಲಿ ಯಾರ ಕೈಗೂ ಕೊಡಬೇಡಿ. "ನಮ್ಮದೇ ಬಿ2 ಸರ್ಟಿಫಿಕೇಟ್ ಕೊಡ್ತೀವಿ" ಅಂದರೆ ಅದು ಬರೀ ಕಾಗದ. ಗೊಯಟೆ, ಟೆಲ್ಕ್, ಓಎಸ್‌ಡಿ ಥರದ ಮಾನ್ಯ ಪರೀಕ್ಷೆಯೇ ಬೇಕು, ಅದರಲ್ಲೂ ನೀವು ಹೋಗುವ ರಾಜ್ಯ ಯಾವುದನ್ನು ಒಪ್ಪುತ್ತದೆ ಅಂತ ಮೊದಲೇ ಕೇಳಿಕೊಳ್ಳಬೇಕು.

ಭಾಷೆಗೆ ಸಂಬಂಧ ಇಲ್ಲದ ಒಂದು ವಿಷಯವೂ ನಿಮ್ಮ ತೀರ್ಮಾನಕ್ಕೆ ಬೇಕು. ಇಲ್ಲಿ ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು ಮನೆಯವರು ಅಥವಾ ಆಯಾ ಮಾಡುತ್ತಾರೆ. ಅಲ್ಲಿ ಅದು ನರ್ಸ್ ಕೆಲಸ. ಇಂಜೆಕ್ಷನ್, ಐವಿ ಹಾಕುವಂಥ ಎಷ್ಟೋ ಕೆಲಸಗಳನ್ನು ಅಲ್ಲಿ ಡಾಕ್ಟರೇ ಮಾಡುವುದುಂಟು. ಐಸಿಯುನಲ್ಲಿ ಪಳಗಿದ ನರ್ಸ್‌ಗಳಿಗೆ ಮೊದಲ ವರ್ಷ ಇದೇ ದೊಡ್ಡ ಬೇಸರ. ಇದು ತಿಳಿದೂ ಹೋಗಲು ಮನಸ್ಸಿದ್ದರೆ ಮಾತ್ರ ಸಾವಿರ ಗಂಟೆ ಓದಿ. ಜರ್ಮನ್ ಕಲಿತರೆ ಅದು ನಡೆಯುವುದು ಮುಖ್ಯವಾಗಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ. ಇಂಗ್ಲಿಷ್ ಚೆನ್ನಾಗಿದ್ದರೆ ಐಇಎಲ್‌ಟಿಎಸ್ ಅಥವಾ ಒಇಟಿ ಬರೆದು ಬ್ರಿಟನ್, ಐರ್ಲೆಂಡ್ ಕಡೆ ನೋಡಬಹುದು, ಓದುವ ಹೊತ್ತು ತುಂಬ ಕಡಿಮೆ. ಬ್ರಿಟನ್‌ಗೆ ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೆ 6.5, ಉಳಿದ ಮೂರರಲ್ಲಿ 7 ಬೇಕು. ಗಲ್ಫ್ ಇನ್ನೂ ಬೇಗ ಆಗುತ್ತದೆ, ಆದರೆ ಅಲ್ಲಿ ಕಾಯಂ ಆಗಿ ನೆಲೆಸುವ ದಾರಿ ಕಷ್ಟ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು ಎ1 ಒಂದಕ್ಕೇ ಫೀಸು ಕಟ್ಟಿ, ಕೆಲಸದಲ್ಲಿದ್ದುಕೊಂಡೇ ಸಂಜೆಯ ಅಥವಾ ಆನ್‌ಲೈನ್ ತರಗತಿಗೆ ಸೇರುತ್ತಿದ್ದೆ. ನೈಟ್ ಡ್ಯೂಟಿ ವಾರದಲ್ಲೂ ದಿನಕ್ಕೆ ಒಂದು ಗಂಟೆಯಾದರೂ ಕೂರಲು ಆಯ್ತಾ ಅಂತ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಎ2 ಮುಗಿದ ಮೇಲೆ ಗೊಯಟೆ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಎ2 ಮಾದರಿ ಪರೀಕ್ಷೆಯ ಆಡಿಯೊ ಹಾಕಿಕೊಂಡು, ನಡುವೆ ಎಲ್ಲೂ ನಿಲ್ಲಿಸದೆ ಉತ್ತರ ಬರೆಯುತ್ತಿದ್ದೆ. ನೂರಕ್ಕೆ 75ಕ್ಕಿಂತ ಜಾಸ್ತಿ ಬಂದರೆ, ಮತ್ತು ನಿಮ್ಮ ವಾರ್ಡಿನ ಒಬ್ಬ ರೋಗಿಯ ಬಗ್ಗೆ ಚೀಟಿ ನೋಡದೆ ಒಂದೆರಡು ನಿಮಿಷ ತಪ್ಪೋ ಒಪ್ಪೋ ಜರ್ಮನ್‌ನಲ್ಲಿ ಹೇಳಲು ಬಂದರೆ ಬಿ1ಕ್ಕೆ ಹೋಗಿ. ಬರದಿದ್ದರೆ ಎ2 ಇನ್ನೊಮ್ಮೆ ಮಾಡಿ. ಎರಡನೇ ಸಲವೂ ಅಲ್ಲೇ ನಿಂತರೆ ಜರ್ಮನ್ ಬಿಟ್ಟು ಇಂಗ್ಲಿಷ್ ದಾರಿ ನೋಡುವುದು ವಾಸಿ. ಬಿ1ರ ನಾಲ್ಕೂ ಭಾಗ ಪಾಸಾದ ಮೇಲೆ ಕೆಲಸ ಬಿಟ್ಟು ಮೂರ್ನಾಲ್ಕು ತಿಂಗಳು ಬಿ2ಕ್ಕೆ ಕೂರುವುದಾದರೆ ನಾನೂ ಬೇಡ ಅನ್ನುವುದಿಲ್ಲ. ಆ ಹೊತ್ತಿಗೆ ಯಾವುದೋ ಆಸ್ಪತ್ರೆಯ ಸಂದರ್ಶನವೂ ಆಗಿರಬಹುದು, ಬಿ2 ಫೀಸನ್ನು ಅವರೇ ಕೊಡುವುದೂ ಉಂಟು.

ಇದರ ಜೊತೆ ಇನ್ನೊಂದು ಕೆಲಸವನ್ನು ಈ ತಿಂಗಳೇ ಶುರು ಮಾಡಿ. ನೀವು ಜಿಎನ್‌ಎಂ ಓದಿದ ಕಾಲೇಜಿಗೆ ಅರ್ಜಿ ಹಾಕಿ, ಪ್ರತಿ ವಿಷಯಕ್ಕೆ ತರಗತಿ ಎಷ್ಟು ಗಂಟೆ, ಆಸ್ಪತ್ರೆಯಲ್ಲಿ ಪ್ರಾಕ್ಟಿಕಲ್ ಎಷ್ಟು ಗಂಟೆ ಅಂತ ಇರುವ ಟ್ರಾನ್ಸ್‌ಕ್ರಿಪ್ಟ್ ಕೇಳಿ. ಮಕ್ಕಳ ವಾರ್ಡ್, ಮಾನಸಿಕ ರೋಗ, ಸಮುದಾಯ ಆರೋಗ್ಯ, ವೃದ್ಧರ ಆರೈಕೆ, ಇವುಗಳ ಗಂಟೆ ಬೇರೆ ಬೇರೆಯಾಗಿ ಕಾಣಬೇಕು. ಕಾಲೇಜಿನವರು ಇದಕ್ಕೆ ತಿಂಗಳುಗಟ್ಟಲೆ ಅಲೆಸುವುದುಂಟು. ಭಾಷೆ ಮುಗಿದು ಕಾಗದಕ್ಕಾಗಿ ಕಾಯುವ ಹಾಗೆ ಆಗಬಾರದು, ಯಾಕೆಂದರೆ ಕೆಲವು ಉದ್ಯೋಗದಾತರೂ ಕಚೇರಿಗಳೂ ತುಂಬ ಹಳೆಯ ಭಾಷಾ ಸರ್ಟಿಫಿಕೇಟ್ ಒಪ್ಪುವುದಿಲ್ಲ.